ಕಾಳಿ ಅಳಿವೆಯ ಡಯಾಟಮ್ ಗೆರೆಗಳು: ಆಬ್ಜೆಕ್ಟಿವ್‌ನ ಎನ್‌ಎ ಪರೀಕ್ಷಿಸುವ ಬಗೆ, ಎಣ್ಣೆ ಹಾಕುವ ಕ್ರಮ

ಪ್ರಯೋಗಾಲಯದಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತ ವಿದ್ಯಾರ್ಥಿಗಳು ಮೊದಲು ಕೇಳುವುದು, "ಸರ್, ಇದು ಎಷ್ಟು ಪಟ್ಟು ದೊಡ್ಡದು ಮಾಡ್ತದೆ?" ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಅಕ್ಕಪಕ್ಕದಲ್ಲಿರುವ ಎರಡು ಗೆರೆಗಳ ನಡುವೆ ಎಷ್ಟು ಅಂತರವಿದ್ದರೆ ಈ ಲೆನ್ಸ್ ಅವನ್ನು ಎರಡಾಗಿಯೇ ತೋರಿಸುತ್ತದೆ? ದೊಡ್ಡದು ಮಾಡುವುದಕ್ಕೆ ಮಿತಿಯಿಲ್ಲ. ಐಪೀಸ್ ಬದಲಿಸಿದರೆ ಅದೇ ಚಿತ್ರ ಇನ್ನಷ್ಟು ಹಿಗ್ಗುತ್ತದೆ. ಬಿಡಿಸಿ ತೋರಿಸುವುದಕ್ಕೆ ಮಾತ್ರ ಮಿತಿಯಿದೆ. ಆ ಮಿತಿಯನ್ನು ನಿರ್ಧರಿಸುವ ಸಂಖ್ಯೆ ನ್ಯೂಮರಿಕಲ್ ಅಪರ್ಚರ್, ಚಿಕ್ಕದಾಗಿ ಎನ್‌ಎ.

ಈ ಮಾತನ್ನು ಸೂತ್ರದಿಂದ ಒಪ್ಪಿಕೊಳ್ಳುವ ಬದಲು ಕಣ್ಣಾರೆ ನೋಡಬಹುದು. ಅದಕ್ಕೆ ಬೇಕಾದ ವಸ್ತು ಕಾರವಾರದಲ್ಲಿ ಕಾಳಿ ನದಿಯ ದಂಡೆಯಲ್ಲೇ ಸಿಗುತ್ತದೆ. ಸುಂಕೇರಿ, ಕಡವಾಡ ಕಡೆ ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಗಿಡಗಳ ಬುಡದ ಕೆಸರು ನೋಡಿ. ಬಿಸಿಲು ಬಿದ್ದ ಜಾಗದಲ್ಲಿ ಕೆಸರಿನ ಮೇಲೆ ಹೊಂಬಣ್ಣ ಬೆರೆತ ಕಂದು ಪೊರೆ ಕಟ್ಟಿರುತ್ತದೆ. ಅದರಲ್ಲಿರುವುದು ಬಹುಪಾಲು ಡಯಾಟಮ್‌ಗಳು, ಅಂದರೆ ಸಿಲಿಕಾದ ಚಿಪ್ಪು ಕಟ್ಟಿಕೊಂಡು ಬದುಕುವ ಏಕಕೋಶ ಪಾಚಿಗಳು. ಅಘನಾಶಿನಿಯ ಗಜನಿ ಗದ್ದೆಗಳ ಅಂಚಿನಲ್ಲೂ ಇಂಥ ಪೊರೆ ಕಾಣಬಹುದು. ಇವುಗಳಲ್ಲಿ ಪ್ಲೂರೊಸಿಗ್ಮಾ ಎಂಬ ಕುಲದ್ದು ತುಸು ಬಾಗಿದ ದೋಣಿಯಾಕಾರ. ಅದರ ಚಿಪ್ಪಿನ ಮೇಲೆ ಅತಿ ಸಣ್ಣ ರಂಧ್ರಗಳ ಸಾಲುಗಳಿದ್ದು, ದೂರದಿಂದ ಅವು ಗೆರೆಗಳಂತೆ ತೋರುತ್ತವೆ. ಪ್ಲೂರೊಸಿಗ್ಮಾ ಆಂಗ್ಯುಲೇಟಮ್ ಎಂಬ ಪ್ರಭೇದದಲ್ಲಿ ಗೆರೆಯಿಂದ ಗೆರೆಗೆ ಸುಮಾರು ಅರ್ಧ ಮೈಕ್ರಾನ್ ಅಂತರ. ಹತ್ತೊಂಬತ್ತನೇ ಶತಮಾನದಿಂದಲೂ ಲೆನ್ಸ್ ಪರೀಕ್ಷೆಗೆ ಇದನ್ನೇ ಬಳಸುತ್ತ ಬಂದಿದ್ದಾರೆ, ಏಕೆಂದರೆ ಸಾಮಾನ್ಯ 40 ಪಟ್ಟಿನ ಆಬ್ಜೆಕ್ಟಿವ್, ಅಂದರೆ ಸ್ಲೈಡಿನ ಕಡೆಯ ಲೆನ್ಸ್, ಸರಿಯಾಗಿ ಬಳಸಿದರೆ ಈ ಗೆರೆಗಳನ್ನು ತೋರಿಸುತ್ತದೆ, ತಪ್ಪಾಗಿ ಬಳಸಿದರೆ ತೋರಿಸುವುದಿಲ್ಲ.

ಲೆನ್ಸಿನ ಮೇಲೆ ಬರೆದಿರುವುದನ್ನು ಓದಿ

ನಮ್ಮ ಕಾಲೇಜುಗಳಲ್ಲಿರುವ ಮೈಕ್ರೋಸ್ಕೋಪಿನ ದೊಡ್ಡ ಆಬ್ಜೆಕ್ಟಿವ್ ಮೇಲೆ ಸಾಮಾನ್ಯವಾಗಿ 40/0.65 ಎಂದಿರುತ್ತದೆ. ಅದಕ್ಕಿಂತ ಉದ್ದನೆಯದರ ಮೇಲೆ 100/1.25, ಜೊತೆಗೆ ಆಯಿಲ್ ಎಂಬ ಗುರುತು. ಗೀಟಿನ ಹಿಂದಿನದು ಎಷ್ಟು ಪಟ್ಟು ಎಂಬುದು, ಮುಂದಿನದು ಎನ್‌ಎ. ಕೆಳಗಿನ ಸಾಲಿನಲ್ಲಿ 160/0.17 ಎಂದಿದ್ದರೆ 160 ಎನ್ನುವುದು ಮಿಲಿಮೀಟರ್‌ನಲ್ಲಿ ಟ್ಯೂಬಿನ ಉದ್ದ, 0.17 ಎನ್ನುವುದು ಕವರ್ ಸ್ಲಿಪ್ಪಿನ ದಪ್ಪ.

ಎನ್‌ಎ ಎಂದರೆ ಲೆನ್ಸ್ ಎಷ್ಟು ಓರೆಯಾಗಿ ಬರುವ ಬೆಳಕನ್ನು ಒಳಗೆ ತೆಗೆದುಕೊಳ್ಳಬಲ್ಲದು ಎಂಬುದರ ಅಳತೆ:

```
NA = n × sin θ
```

ಇಲ್ಲಿ θ ಎನ್ನುವುದು ವಸ್ತುವಿನ ಒಂದು ಬಿಂದುವಿನಿಂದ ನೇರ ಮೇಲಕ್ಕೆ ಹೋಗುವ ಕಿರಣಕ್ಕೂ ಲೆನ್ಸಿನ ಅಂಚನ್ನು ಮುಟ್ಟುವ ಕಿರಣಕ್ಕೂ ನಡುವಿನ ಕೋನ. n ಎನ್ನುವುದು ಲೆನ್ಸ್ ಮತ್ತು ಸ್ಲೈಡಿನ ನಡುವೆ ಇರುವ ಪದಾರ್ಥದ ವಕ್ರೀಭವನ ಸೂಚ್ಯಂಕ. ಗಾಳಿಗೆ ಅದು 1, ಗಾಜಿಗೂ ಇಮ್ಮರ್ಶನ್ ಎಣ್ಣೆಗೂ ಸುಮಾರು 1.515. ಲೆಕ್ಕ ಹಾಕಿದರೆ 0.65ರ ಲೆನ್ಸ್ ಗಾಳಿಯಲ್ಲಿ ಸುಮಾರು 40 ಡಿಗ್ರಿವರೆಗಿನ ಕಿರಣಗಳನ್ನು ಹಿಡಿಯುತ್ತದೆ, 1.25ರ ಲೆನ್ಸ್ ಎಣ್ಣೆಯಲ್ಲಿ ಸುಮಾರು 56 ಡಿಗ್ರಿವರೆಗೆ. ಸೈನ್‌ನ ಬೆಲೆ 1ನ್ನು ಮೀರುವುದಿಲ್ಲವಾದ್ದರಿಂದ ಗಾಳಿಯಲ್ಲಿ ಯಾವ ಲೆನ್ಸಿನ ಎನ್‌ಎಯೂ 1ನ್ನು ದಾಟದು. ಅತ್ಯುತ್ತಮ ಒಣ ಲೆನ್ಸ್ ಕೂಡ 0.95ಕ್ಕೆ ನಿಲ್ಲುತ್ತದೆ.

ಗೆರೆ ಕಾಣುವುದು ಹೇಗೆ

ಈ ಭಾಗವನ್ನು ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಒತ್ತೊತ್ತಾದ ಗೆರೆಗಳ ಮೂಲಕ ಬೆಳಕು ಹಾದಾಗ ಒಂದು ಪಾಲು ನೇರವಾಗಿ ಮುಂದುವರಿಯುತ್ತದೆ. ಉಳಿದದ್ದು ವಿವರ್ತನೆಗೊಂಡು ಎರಡೂ ಬದಿಗೆ ಓರೆಯಾಗಿ ಚಿಮ್ಮುತ್ತದೆ. ಗೆರೆಗಳು ಎಷ್ಟು ಹತ್ತಿರವೋ ಅಷ್ಟು ಹೆಚ್ಚು ಓರೆ. ಗೆರೆಗಳ ಸುದ್ದಿ ಇರುವುದು ಈ ಓರೆ ಕಿರಣದಲ್ಲಿ. ನೇರ ಕಿರಣವೊಂದೇ ಲೆನ್ಸ್ ಒಳಗೆ ಬಂದರೆ ಚಿಪ್ಪಿನ ಆಕಾರ ಕಾಣುತ್ತದೆ, ಗೆರೆ ಕಾಣುವುದಿಲ್ಲ. ನೇರ ಕಿರಣದ ಜೊತೆಗೆ ಕನಿಷ್ಠ ಒಂದು ಬದಿಯ ಓರೆ ಕಿರಣವೂ ಒಳಗೆ ಬಂದು, ಎರಡೂ ಮೇಲೆ ಕೂಡಿದಾಗ ಮಾತ್ರ ಗೆರೆ ಮೂಡುತ್ತದೆ. ಜರ್ಮನಿಯ ಯೇನಾ ಊರಿನಲ್ಲಿ ಕಾರ್ಲ್ ಝೈಸ್ ಕಾರ್ಖಾನೆಗೆ ಲೆನ್ಸ್ ಲೆಕ್ಕ ಹಾಕುತ್ತಿದ್ದ ಅರ್ನ್ಸ್ಟ್ ಅಬ್ಬೆ 1873ರಲ್ಲಿ ಪ್ರಕಟಿಸಿದ ವಿವರಣೆ ಇದು.

ನಮ್ಮ ಪ್ಲೂರೊಸಿಗ್ಮಾಕ್ಕೆ ಇದನ್ನು ಹೊಂದಿಸೋಣ. ಗೆರೆಗಳ ಅಂತರ 0.54 ಮೈಕ್ರಾನ್ ಎಂದಿಟ್ಟುಕೊಳ್ಳಿ. ಹಸಿರು ಬೆಳಕಿನ ತರಂಗಾಂತರ 550 ನ್ಯಾನೋಮೀಟರ್, ಅಂದರೆ 0.55 ಮೈಕ್ರಾನ್. ಓರೆ ಕಿರಣ ನೇರ ಕಿರಣದಿಂದ ಎಷ್ಟು ದೂರ ಸರಿಯುತ್ತದೆ ಎಂಬುದನ್ನು ಎನ್‌ಎಯ ಅಳತೆಯಲ್ಲೇ ಹೇಳಬಹುದು: ತರಂಗಾಂತರವನ್ನು ಗೆರೆಯ ಅಂತರದಿಂದ ಭಾಗಿಸಿದರಾಯಿತು. 0.55 ÷ 0.54 = 1.02. ಬೆಳಕು ಕೆಳಗಿನಿಂದ ನೆಟ್ಟಗೆ ಬರುತ್ತಿದ್ದರೆ ಗೆರೆಯ ಸುದ್ದಿ ಹೊತ್ತ ಕಿರಣ 1.02ರಲ್ಲಿ ಹೋಗುತ್ತದೆ. 40ರ ಲೆನ್ಸಿನ ಬಾಯಿ 0.65ಕ್ಕೆ ಮುಗಿಯಿತು. ಕಿರಣ ಹೊರಗೇ ಹೋಯಿತು.

ಹಾಗಾದರೆ 40ರ ಲೆನ್ಸಿಗೆ ಈ ಗೆರೆ ಕಾಣುವುದೇ ಇಲ್ಲವೇ? ಕಾಣುತ್ತದೆ, ಕೆಳಗಿನ ಬೆಳಕನ್ನೇ ಓರೆಯಾಗಿ ಬಿಟ್ಟರೆ. ನೇರ ಕಿರಣ ಲೆನ್ಸಿನ ಬಲಬದಿಯಲ್ಲಿ 0.5ರಲ್ಲಿ ಒಳಬರುವಂತೆ ಮಾಡಿ. ಅದರಿಂದ ಎಡಕ್ಕೆ 1.02 ಸರಿದ ಕಿರಣ ಮಧ್ಯದಿಂದ ಎಡಕ್ಕೆ 0.52ರಲ್ಲಿ ಬೀಳುತ್ತದೆ. ಎರಡೂ 0.65ರ ಒಳಗೇ ಇವೆ. ಗೆರೆ ಕಾಣುತ್ತದೆ.

ಓರೆಯಾಗಿ ಬೆಳಕು ಬಿಡುವ ಕೆಲಸ ಸ್ಲೈಡಿನ ಕೆಳಗಿರುವ ಕಂಡೆನ್ಸರ್ ಲೆನ್ಸಿನದು. ಅದರ ಕೆಳಗಿನ ಐರಿಸ್ ಎಂಬ ಹಿಗ್ಗಿಕುಗ್ಗುವ ಕಿಂಡಿಯನ್ನು ಮುಚ್ಚಿದರೆ ನೆಟ್ಟನೆಯ ಸಣ್ಣ ಕಟ್ಟು ಮಾತ್ರ ಮೇಲೆ ಬರುತ್ತದೆ. ತೆರೆದರೆ ಎಲ್ಲ ದಿಕ್ಕಿನ ಓರೆ ಬೆಳಕೂ ಬರುತ್ತದೆ. ಆದ್ದರಿಂದ ಬಿಡಿಸಿ ತೋರಿಸುವ ಮಿತಿಯನ್ನು ಎರಡರ ಎನ್‌ಎ ಸೇರಿಸಿ ಹೇಳಬೇಕು:

```
d = λ / (NA₁ + NA₂)
```

d ಎನ್ನುವುದು ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ, λ ಬೆಳಕಿನ ತರಂಗಾಂತರ, NA₁ ಆಬ್ಜೆಕ್ಟಿವಿನದು, NA₂ ಐರಿಸ್ ತೆರೆದಷ್ಟು ಕಂಡೆನ್ಸರಿನದು. ಕಂಡೆನ್ಸರಿನ ಪಾಲು ಆಬ್ಜೆಕ್ಟಿವಿನಷ್ಟಕ್ಕೆ ಏರುವವರೆಗೆ ಲಾಭ ಹೆಚ್ಚುತ್ತದೆ, ಅದರಾಚೆಗಿಲ್ಲ. ಪಠ್ಯಪುಸ್ತಕದ λ/2NA ಎನ್ನುವುದು ಎರಡೂ ಸಮವಾಗಿರುವ ಸಂದರ್ಭ. ಆ ಲೆಕ್ಕದಲ್ಲಿ 40/0.65ರ ಮಿತಿ 0.42 ಮೈಕ್ರಾನ್. ಐರಿಸನ್ನು 0.1ಕ್ಕೆ ಇಳಿಸಿದರೆ ಅದೇ ಲೆನ್ಸಿನ ಮಿತಿ 0.55 ÷ 0.75 = 0.73 ಮೈಕ್ರಾನ್‌ಗೆ ಹಾಳಾಗುತ್ತದೆ. ಲೆನ್ಸ್ ಬದಲಾಗಿಲ್ಲ, ವರ್ಧನೆ ಬದಲಾಗಿಲ್ಲ, ಸಣ್ಣ ಹಿಡಿಯೊಂದನ್ನು ತಿರುಗಿಸಿದ್ದಷ್ಟೇ. ಬೆಳಕು ಜಾಸ್ತಿಯಾಯಿತೆಂದು ಐರಿಸ್ ಮುಚ್ಚುವ ರೂಢಿ ನಮ್ಮಲ್ಲಿ ಬಹಳ ಬೇರೂರಿದೆ. ನನ್ನ ಮಟ್ಟಿಗೆ ಮೈಕ್ರೋಸ್ಕೋಪ್ ಬಳಕೆಯಲ್ಲಿ ಮೊದಲು ಬಿಡಿಸಬೇಕಾದ ಅಭ್ಯಾಸ ಇದು. ಬೆಳಕು ಕಮ್ಮಿ ಮಾಡಲು ಬಲ್ಬಿನ ಗುಂಡಿ ಇದೆ.

ಸ್ಲೈಡ್ ಸಿದ್ಧಪಡಿಸುವುದು

ಮಳೆಗಾಲದಲ್ಲಿ ಕಾಳಿಯ ನೀರು ಸಿಹಿಯಾಗಿ, ಕೆಸರು ಕೊಚ್ಚಿಹೋಗುತ್ತಿರುತ್ತದೆ. ನವೆಂಬರ್ ನಂತರದ ಒಣ ದಿನಗಳು ಒಳ್ಳೆಯದು. ಇಳಿತದ ಹೊತ್ತಿಗೆ ಹೋಗಿ, ಕಂದು ಪೊರೆಯನ್ನು ಚಮಚದಿಂದ ಮೇಲುಮೇಲಾಗಿ ಕೆರೆದು ಅಗಲವಾದ ತಟ್ಟೆಗೆ ಹಾಕಿಕೊಳ್ಳಿ. ಮನೆಗೆ ತಂದು, ಮೇಲೆ ನಿಂತ ನೀರನ್ನು ಬಸಿದು, ಕೆಸರಿನ ಮೇಲೆ ಲೆನ್ಸ್ ಒರೆಸುವ ತೆಳು ಕಾಗದದ ತುಂಡುಗಳನ್ನು ಎರಡು ಪದರ ಹರಡಿ. ತಟ್ಟೆಯನ್ನು ಕಿಟಕಿಯ ಬೆಳಕಿಗಿಡಿ. ಪ್ಲೂರೊಸಿಗ್ಮಾದಂಥ ಡಯಾಟಮ್‌ಗಳು ಜಾರುತ್ತ ಚಲಿಸಬಲ್ಲವು. ಬೆಳಕನ್ನು ಅರಸಿ ಕೆಸರಿನಿಂದ ಮೇಲೆದ್ದು ಕಾಗದದೊಳಕ್ಕೆ ಬರುತ್ತವೆ. ಮಾರನೆಯ ದಿನ ಬೆಳಗಿನ ಹೊತ್ತು ಮೇಲಿನ ಕಾಗದವನ್ನು ಎತ್ತಿ ಸ್ವಲ್ಪ ನೀರಿನಲ್ಲಿ ಅಲುಗಿಸಿದರೆ ಮರಳು, ಕೆಸರು ಇಲ್ಲದ ಡಯಾಟಮ್‌ಗಳು ಕೈಗೆ ಬರುತ್ತವೆ.

ಈಗ ಉಪ್ಪು ತೆಗೆಯಬೇಕು. ಡಿಸ್ಟಿಲ್ಡ್ ವಾಟರ್ ಹಾಕಿ, ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ನೀರು ಚೆಲ್ಲಿ. ಹೀಗೆ ನಾಲ್ಕೈದು ಸಲ. ಇದನ್ನು ಅವಸರದಲ್ಲಿ ಮುಗಿಸಿದರೆ ಆಮೇಲೆ ಸ್ಲೈಡಿನಲ್ಲಿ ಉಪ್ಪಿನ ಹರಳುಗಳೇ ಕಾಣುತ್ತವೆ. ಬಳಿಕ ಔಷಧಿ ಅಂಗಡಿಯಲ್ಲಿ ಸಿಗುವ 6 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಮುಚ್ಚಳ ಬಿಗಿ ಮಾಡದೆ, ಕೆಲವು ದಿನ ಬಿಡಿ. ಚಿಪ್ಪಿನೊಳಗಿನ ಜೀವದ್ರವ್ಯ ಕರಗಿ ಕಂದು ಬಣ್ಣ ಬಿಳುಪಾಗುತ್ತದೆ. ಮುಚ್ಚಳ ಬಿಗಿಯಾಗಿದ್ದರೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಕೈಗವಸು ಹಾಕಿಕೊಳ್ಳಿ. ಮತ್ತೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ.

ತೊಳೆದ ಡಯಾಟಮ್ ನೀರಿನ ಒಂದು ಹನಿಯನ್ನು ಸ್ಲೈಡಿನ ಮೇಲಲ್ಲ, ಕವರ್ ಸ್ಲಿಪ್ಪಿನ ಮೇಲೆ ಬಿಟ್ಟು ಧೂಳು ಬೀಳದಂತೆ ಮುಚ್ಚಿ ಒಣಗಿಸಿ. ಕವರ್ ಸ್ಲಿಪ್ಪಿಗೇ ಅಂಟಿದ ಚಿಪ್ಪು ಲೆನ್ಸಿಗೆ ಅತ್ಯಂತ ಹತ್ತಿರವಿರುತ್ತದೆ, ಅದಕ್ಕಾಗಿ ಹೀಗೆ. ಇಂಥ ಎರಡು ಕವರ್ ಸ್ಲಿಪ್ ಮಾಡಿಕೊಳ್ಳಿ. ಒಂದನ್ನು ಬೋರಲಾಗಿ ಸ್ಲೈಡಿನ ಮೇಲಿಟ್ಟು ಅಂಚಿಗೆ ನೇಲ್ ಪಾಲಿಶ್ ಹಚ್ಚಿ. ಇದರಲ್ಲಿ ಚಿಪ್ಪಿನ ಸುತ್ತ ಗಾಳಿ ಇರುವುದರಿಂದ ಚಿತ್ರ ಗಾಢವಾಗಿರುತ್ತದೆ, 40ರ ಪರೀಕ್ಷೆಗೆ ಸುಲಭ. ಇನ್ನೊಂದನ್ನು ಡಿಪಿಎಕ್ಸ್ ಎಂಬ ಸ್ಲೈಡ್ ಅಂಟಿನ ಹನಿಯ ಮೇಲೆ ಬೋರಲಾಗಿಟ್ಟು, ಗಾಳಿಯಾಡುವ ಜಾಗದಲ್ಲಿ ಒಂದೆರಡು ದಿನ ಗಟ್ಟಿಯಾಗಲು ಬಿಡಿ. ಇದು ಎಣ್ಣೆಯ ಪರೀಕ್ಷೆಗೆ. ಡಿಪಿಎಕ್ಸಿನ ವಕ್ರೀಭವನ ಸೂಚ್ಯಂಕ ಸುಮಾರು 1.52, ಚಿಪ್ಪಿನದು 1.43ರ ಆಸುಪಾಸು. ವ್ಯತ್ಯಾಸ ಕಡಿಮೆ ಇರುವುದರಿಂದ ಚಿಪ್ಪು ಇಲ್ಲಿ ತೆಳುವಾಗಿ ಕಾಣುತ್ತದೆ, ಗಾಬರಿ ಬೇಡ. ನೀರಿನ ಹನಿಯಲ್ಲೇ ಎಣ್ಣೆಯ ಪರೀಕ್ಷೆ ಮಾಡಹೋದರೆ ಅಂಟು ಎಣ್ಣೆ ಲೆನ್ಸಿನ ಜೊತೆ ಕವರ್ ಸ್ಲಿಪ್ಪನ್ನೂ ಎಳೆದಾಡಿಸುತ್ತದೆ.

ಮೊದಲು 40ರಲ್ಲಿ, ಎಣ್ಣೆಯಿಲ್ಲದೆ

10ರ ಆಬ್ಜೆಕ್ಟಿವ್‌ನಲ್ಲಿ ಒಂದು ಚೊಕ್ಕ ಪ್ಲೂರೊಸಿಗ್ಮಾವನ್ನು ಹುಡುಕಿ ನಡುವೆ ತನ್ನಿ. ಕಂಡೆನ್ಸರನ್ನು ಪೂರ್ತಿ ಮೇಲಕ್ಕೆ, ಸ್ಲೈಡನ್ನು ಇನ್ನೇನು ಮುಟ್ಟುವಷ್ಟು ಏರಿಸಿ. ಹಸಿರು ಫಿಲ್ಟರ್ ಇದ್ದರೆ ಹಾಕಿ. 40ಕ್ಕೆ ತಿರುಗಿಸಿ ಫೋಕಸ್ ಮಾಡಿ.

ಈಗ ಐಪೀಸನ್ನು ತೆಗೆದು ಖಾಲಿ ಟ್ಯೂಬಿನೊಳಗೆ ಇಣುಕಿ. ತಳದಲ್ಲಿ ದುಂಡಗಿನ ಬೆಳಕಿನ ಬಿಲ್ಲೆ ಕಾಣುತ್ತದೆ. ಅದು ಆಬ್ಜೆಕ್ಟಿವಿನ ಹಿಂಬದಿಯ ಬಾಯಿ. ಐರಿಸ್ ತಿರುಗಿಸಿದಾಗ ಅದರ ಅಂಚು ಈ ಬಾಯಿಯೊಳಗೆ ಹಿಗ್ಗಿ ಕುಗ್ಗುವುದು ಕಾಣುತ್ತದೆ. ಇಡೀ ಬಾಯಿಯ ಅಗಲ 0.65 ಎಂದುಕೊಂಡರೆ ಬೆಳಗಿದ ಭಾಗದ ಅಗಲ ಈ ಕ್ಷಣದಲ್ಲಿ ಕಂಡೆನ್ಸರಿನ ಎನ್‌ಎ ಎಷ್ಟಿದೆ ಎಂದು ತಿಳಿಸುತ್ತದೆ. ಅರ್ಧ ಬಾಯಿ ಬೆಳಗಿದ್ದರೆ 0.32 ಅಥವಾ 0.33. ಇಷ್ಟು ಸರಳವಾದ ಅಳತೆಯ ಸಾಧನ ಮೈಕ್ರೋಸ್ಕೋಪಿನಲ್ಲೇ ಅಡಗಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಐರಿಸನ್ನು ಚುಕ್ಕೆಯಷ್ಟಕ್ಕೆ ಮುಚ್ಚಿ, ಐಪೀಸ್ ಹಾಕಿ ನೋಡಿ. ಚಿಪ್ಪಿನ ಅಂಚು ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ. ಒಳಗೆ ಖಾಲಿ, ಬರೀ ನುಣುಪು. ಸೂಕ್ಷ್ಮ ಫೋಕಸನ್ನು ಅತ್ತಿತ್ತ ಮಾಡುತ್ತಲೇ ಐರಿಸನ್ನು ನಿಧಾನವಾಗಿ ತೆರೆಯುತ್ತ ಬನ್ನಿ. ಎಲ್ಲಿ ಗೆರೆ ಮೂಡಬೇಕು ಎಂಬುದನ್ನು ಲೆಕ್ಕ ಮೊದಲೇ ಹೇಳುತ್ತದೆ: ಬೇಕಾದದ್ದು ಒಟ್ಟು 1.02, ಆಬ್ಜೆಕ್ಟಿವ್ ಕೊಡುವುದು 0.65, ಕಂಡೆನ್ಸರ್ ತುಂಬಬೇಕಾದದ್ದು 0.37. ಅಂದರೆ ಬಾಯಿಯ ಅಗಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬೆಳಗಿದಾಗ ಗೆರೆಗಳು ತೆಳುವಾಗಿ ಕಾಣತೊಡಗಬೇಕು, ಮುಕ್ಕಾಲು ಭಾಗಕ್ಕೆ ಸ್ಪಷ್ಟವಾಗಬೇಕು. ಪೂರ್ತಿ ತೆರೆದರೆ ಬೆಳಕು ಚೆದರಿ ಚಿತ್ರ ಮತ್ತೆ ಪೇಲವವಾಗುತ್ತದೆ. ಆದ್ದರಿಂದಲೇ ಮುಕ್ಕಾಲಿನ ಆಸುಪಾಸು ದಿನನಿತ್ಯದ ಕೆಲಸಕ್ಕೆ ಒಳ್ಳೆಯ ಜಾಗ.

ನಿಮ್ಮ ಚಿಪ್ಪಿನಲ್ಲಿ ಗೆರೆ ಇದಕ್ಕಿಂತ ಬೇಗ ಅಥವಾ ತಡವಾಗಿ ಮೂಡಬಹುದು. ಕಾಳಿಯಲ್ಲಿ ನಿಮಗೆ ಸಿಕ್ಕಿದ್ದು ಬೇರೆ ಪ್ರಭೇದವಾಗಿದ್ದರೆ ಅದರ ಗೆರೆಯ ಅಂತರವೂ ಬೇರೆ. ಹಾಗಾದರೆ ಲೆಕ್ಕವನ್ನು ಹಿಂದುಮುಂದು ಮಾಡಿ: ಗೆರೆ ಮೊದಲು ಕಂಡಾಗ ಬಾಯಿ ಎಷ್ಟು ಬೆಳಗಿತ್ತು ಎಂಬುದರಿಂದ ಅಂತರವನ್ನು ಅಂದಾಜು ಮಾಡಬಹುದು. ಮುಕ್ಕಾಲು ತೆರೆದಾಗಲೂ ಗೆರೆ ಕಾಣದಿದ್ದರೆ ಮೂರು ಅನುಮಾನಗಳಿವೆ. ಚಿಪ್ಪಿನ ಗೆರೆ ನಿಜಕ್ಕೂ ಬಹಳ ಒತ್ತಾಗಿರಬಹುದು, ಕಂಡೆನ್ಸರ್ ಕೆಳಗೆ ಇಳಿದಿರಬಹುದು, ಇಲ್ಲವೇ ಆಬ್ಜೆಕ್ಟಿವಿನ ಮುಂಗಾಜಿನ ಮೇಲೆ ಯಾರದೋ ಹಳೆಯ ಎಣ್ಣೆ ಒಣಗಿ ಕೂತಿರಬಹುದು. ಮೂರನೆಯದೇ ಹೆಚ್ಚಾಗಿ ಕಾರಣ. ಐಪೀಸನ್ನು ತಲೆಕೆಳಗು ಹಿಡಿದು ಭೂತಗನ್ನಡಿಯಂತೆ ಬಳಸಿ ಆ ಗಾಜನ್ನು ನೋಡಿದರೆ ಗೊತ್ತಾಗುತ್ತದೆ.

ಇಲ್ಲೇ ವರ್ಧನೆಯ ವಿಷಯವನ್ನೂ ಮುಗಿಸಿಬಿಡುತ್ತೇನೆ. 10ರ ಐಪೀಸ್ ಜೊತೆ ಒಟ್ಟು 400 ಪಟ್ಟು. 0.54 ಮೈಕ್ರಾನ್ ಅಂತರ 0.2 ಮಿಲಿಮೀಟರಿಗಿಂತ ತುಸು ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ, ಕಣ್ಣಿಗೆ ಅಷ್ಟು ಸಾಕು. ಎನ್‌ಎಯನ್ನು 500ರಿಂದ 1000ದವರೆಗೆ ಗುಣಿಸಿದರೆ ಉಪಯೋಗಕ್ಕೆ ಬರುವ ಒಟ್ಟು ವರ್ಧನೆ ಸಿಗುತ್ತದೆ ಎಂಬುದು ಹಳೆಯ ನಿಯಮ. 0.65ಕ್ಕೆ ಅದು 325ರಿಂದ 650. ಅದೇ ಲೆನ್ಸಿಗೆ 25ರ ಐಪೀಸ್ ಹಾಕಿ 1000 ಪಟ್ಟು ಮಾಡಿದರೆ ಮಸುಕು ದೊಡ್ಡದಾಗುತ್ತದೆ, ಹೊಸ ವಿವರವೇನೂ ಬರುವುದಿಲ್ಲ.

ಎಣ್ಣೆ ಏಕೆ

ಡಿಪಿಎಕ್ಸ್ ಸ್ಲೈಡನ್ನು ಇಟ್ಟುಕೊಳ್ಳಿ. ಚಿಪ್ಪಿನಿಂದ ಹೊರಟ ಆ 1.02ರ ಕಿರಣವನ್ನು ಹಿಂಬಾಲಿಸೋಣ. ಗಾಜಿನೊಳಗೆ ಅದರ ಕೋನದ ಸೈನ್ 1.02 ÷ 1.515, ಅಂದರೆ 0.67. ಕೋನ 42 ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಕವರ್ ಸ್ಲಿಪ್ಪಿನ ಮೇಲ್ಮೈ ತಲುಪಿದಾಗ ಮೇಲೆ ಗಾಳಿ ಇದ್ದರೆ? ಗಾಜಿನಿಂದ ಗಾಳಿಗೆ ಹೋಗುವ ಬೆಳಕಿನ ಕ್ರಾಂತಿಕೋನ ಸುಮಾರು 41.3 ಡಿಗ್ರಿ. ಅದಕ್ಕಿಂತ ಓರೆಯಾಗಿ ಬಂದದ್ದೆಲ್ಲ ಪೂರ್ಣ ಆಂತರಿಕ ಪ್ರತಿಫಲನಗೊಂಡು ಗಾಜಿನೊಳಕ್ಕೇ ವಾಪಸು ಹೋಗುತ್ತದೆ. ನಮ್ಮ ಕಿರಣ ಒಂದೇ ಒಂದು ಡಿಗ್ರಿಯಿಂದ ಸೋತು ಹೊರಗೆ ಬರಲಾರದೆ ಹೋಯಿತು. ಮೇಲೆ ಎಷ್ಟು ದೊಡ್ಡ, ಎಷ್ಟು ದುಬಾರಿ ಲೆನ್ಸ್ ಇದ್ದರೂ ಕವರ್ ಸ್ಲಿಪ್ಪನ್ನೇ ಬಿಟ್ಟು ಬಾರದ ಬೆಳಕನ್ನು ಅದು ಹಿಡಿಯುವುದೆಂತು?

ಗಾಳಿಯ ಜಾಗದಲ್ಲಿ ಗಾಜಿನಷ್ಟೇ ವಕ್ರೀಭವನ ಸೂಚ್ಯಂಕದ ಎಣ್ಣೆ ಹಾಕಿದರೆ ಕಿರಣದ ಪಾಲಿಗೆ ಅಲ್ಲಿ ಮೇಲ್ಮೈಯೇ ಇಲ್ಲ. ಬಾಗದೆ, ತಿರುಗದೆ, ನೇರ ಲೆನ್ಸಿನ ಮುಂಗಾಜಿನೊಳಗೆ ಹೋಗುತ್ತದೆ. 1.02 ಎನ್ನುವುದು 1.25ರ ಒಳಗಿದೆ, ಆದ್ದರಿಂದ ನೆಟ್ಟನೆಯ ಬೆಳಕಿನಲ್ಲೂ ಗೆರೆ ಕಾಣುತ್ತದೆ. ಎಣ್ಣೆ ಚಿತ್ರವನ್ನು ಬೆಳಗುತ್ತದೆ ಎಂದಷ್ಟೇ ಕೆಲವರು ಹೇಳುವುದುಂಟು. ಬೆಳಕು ಹೆಚ್ಚುವುದು ನಿಜ, ಆದರೆ ಮುಖ್ಯ ಲಾಭ ಅದಲ್ಲ. ಇಲ್ಲದಿದ್ದರೆ ಕಳೆದೇಹೋಗುತ್ತಿದ್ದ ಓರೆ ಕಿರಣಗಳನ್ನು ಎಣ್ಣೆ ಲೆನ್ಸಿಗೆ ದಾಟಿಸುತ್ತದೆ. ಇನ್ನೊಂದು ಅನುಕೂಲವೂ ಇದೆ: ಎಣ್ಣೆ ಮತ್ತು ಗಾಜು ಒಂದೇ ಬಗೆಯದಾದ್ದರಿಂದ ಕವರ್ ಸ್ಲಿಪ್ ತುಸು ತೆಳುವಾದರೂ ದಪ್ಪವಾದರೂ ಚಿತ್ರ ಕೆಡುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬಿನಲ್ಲಿ ಮಲೇರಿಯಾ ಪರೀಕ್ಷೆಗೆ ರಕ್ತದ ಲೇಪನದ ಮೇಲೆ ಕವರ್ ಸ್ಲಿಪ್ ಇಲ್ಲದೆಯೇ ಎಣ್ಣೆ ಬಿಟ್ಟು ನೋಡುವುದು ಇದೇ ಕಾರಣಕ್ಕೆ ಸಾಧ್ಯ. ಗಾಜಿಗೆ ಸಮನಾದ ಎಣ್ಣೆಯ ಲೆನ್ಸನ್ನು ಅಬ್ಬೆ ರೂಪಿಸಿದ್ದು 1878ರಲ್ಲಿ, ಇಂಗ್ಲೆಂಡಿನ ಸ್ಟೀಫನ್‌ಸನ್ ಎಂಬವರ ಸಲಹೆಯ ಮೇಲೆ. ಕ್ಷಯದ ರೋಗಾಣುವನ್ನು 1882ರಲ್ಲಿ ರಾಬರ್ಟ್ ಕೋಖ್ ತೋರಿಸಿಕೊಟ್ಟಾಗ ಅವರ ಬಳಿ ಇಂಥ ಲೆನ್ಸೂ ಅಬ್ಬೆಯ ಕಂಡೆನ್ಸರೂ ಇದ್ದವು.

ನಮ್ಮ ಕರಾವಳಿಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ, ಅದನ್ನೇ ಹಾಕಬಾರದೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.45. ನಮ್ಮ 1.02ರ ಕಿರಣ ಅದರಲ್ಲಿ ಧಾರಾಳವಾಗಿ ದಾಟುತ್ತದೆ, 1.25ರದ್ದೂ ದಾಟುತ್ತದೆ. ಆದರೆ ಗಾಜಿನಿಂದ ಹೊರಬರುವಾಗ ಪ್ರತಿ ಕಿರಣವೂ ಸ್ವಲ್ಪ ಬಾಗುತ್ತದೆ, ಓರೆಯಾದದ್ದು ಹೆಚ್ಚು ಬಾಗುತ್ತದೆ. ನಡುವಿನ ಕಿರಣಗಳೂ ಅಂಚಿನ ಕಿರಣಗಳೂ ಒಂದೇ ಬಿಂದುವಿಗೆ ಸೇರದೆ ಚಿತ್ರದ ಮೇಲೆ ಮಂಜು ಕವಿಯುತ್ತದೆ. ಸಾಲದ್ದಕ್ಕೆ ಶಿರಸಿಯ ಚಳಿಗಾಲದ ಬೆಳಗಿನಲ್ಲಿ ಅದು ಹೆಪ್ಪುಗಟ್ಟುತ್ತದೆ. ಇಮ್ಮರ್ಶನ್ ಆಯಿಲ್ ಎಂದೇ ಬರೆದಿರುವ ಸಣ್ಣ ಬಾಟಲಿ ಕೊಳ್ಳಿ. ಸೀಡರ್ ಮರದ ಎಣ್ಣೆಗಿಂತ ಸಿಂಥೆಟಿಕ್ ಮೇಲು. ಮೊದಲನೆಯದು ಒಣಗಿ ಅಂಟಾಗುತ್ತದೆ.

ಎಣ್ಣೆ ಹಾಕುವ ಕ್ರಮ

40ರಲ್ಲಿ ಚಿಪ್ಪನ್ನು ಸರಿಯಾಗಿ ನಡುವೆ ತಂದು ಫೋಕಸ್ ಮಾಡಿ. ಸ್ಟೇಜ್ ಇಳಿಸಬೇಡಿ. ಆಬ್ಜೆಕ್ಟಿವ್‌ಗಳ ಚಕ್ರವನ್ನು ಅರ್ಧ ತಿರುಗಿಸಿ, 40 ಮತ್ತು 100ರ ನಡುವಿನ ಖಾಲಿ ಜಾಗ ಸ್ಲೈಡಿನ ಮೇಲೆ ಬರಲಿ. ಕವರ್ ಸ್ಲಿಪ್ಪಿನ ಮೇಲೆ ಬೆಳಕು ಬೀಳುವ ಜಾಗಕ್ಕೆ ಒಂದೇ ಹನಿ ಎಣ್ಣೆ ಬಿಡಿ. ಕಡ್ಡಿಯಿಂದ ಕದಡಬೇಡಿ, ಗುಳ್ಳೆ ಏಳುತ್ತದೆ. ಬದಿಯಿಂದ ನೋಡುತ್ತ 100ನ್ನು ನಿಧಾನವಾಗಿ ಎಣ್ಣೆಯೊಳಗೆ ತಿರುಗಿಸಿ. ಲೆನ್ಸ್ ಎಣ್ಣೆಯನ್ನು ಮುಟ್ಟಿದಾಗ ಅಲ್ಲಿ ಬೆಳಕು ಒಮ್ಮೆಗೇ ಹೊಳೆಯುತ್ತದೆ. ಇನ್ನು ಮುಂದೆ ಸೂಕ್ಷ್ಮ ಫೋಕಸ್ ಮಾತ್ರ. ಲೆನ್ಸಿಗೂ ಕವರ್ ಸ್ಲಿಪ್ಪಿಗೂ ನಡುವೆ ಇರುವುದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು. ದೊಡ್ಡ ಗುಂಡಿ ತಿರುಗಿಸಿದರೆ ಸ್ಲೈಡ್ ಒಡೆಯುತ್ತದೆ, ಕೆಲವೊಮ್ಮೆ ಲೆನ್ಸಿಗೂ ಗಾಯ. ಐರಿಸ್ ತೆರೆಯಿರಿ, ಬಲ್ಬಿನ ಬೆಳಕು ಏರಿಸಿ.

ಎಲ್ಲ ಸರಿಯಿದ್ದರೆ 40ರಲ್ಲಿ ಗೆರೆಯಾಗಿ ಕಂಡದ್ದು ಇಲ್ಲಿ ಸಾಲುಸಾಲು ಚುಕ್ಕೆಗಳಾಗಿ ಬಿಡಿಸಿಕೊಳ್ಳುತ್ತದೆ. ಐರಿಸನ್ನು ಸಾಕಷ್ಟು ಮುಚ್ಚಿದರೂ ಗೆರೆ ಪೂರ್ತಿ ಮಾಯವಾಗುವುದಿಲ್ಲ. 40ರಲ್ಲಿ ಆದದ್ದಕ್ಕೂ ಇದಕ್ಕೂ ಇರುವ ಈ ವ್ಯತ್ಯಾಸವೇ ಮೇಲಿನ ಲೆಕ್ಕಕ್ಕೆ ಸಾಕ್ಷಿ.

ಚಿತ್ರ ಹಾಲಿನಂತೆ ಮಸುಕಾಗಿದ್ದರೆ ಮತ್ತೆ ಐಪೀಸ್ ತೆಗೆದು ಟ್ಯೂಬಿನೊಳಗೆ ನೋಡಿ. ಬೆಳಕಿನ ಬಿಲ್ಲೆಯಲ್ಲಿ ಕಪ್ಪು ಅಂಚಿನ ದುಂಡು ಮಚ್ಚೆ ತೇಲುತ್ತಿದ್ದರೆ ಅದು ಎಣ್ಣೆಯಲ್ಲಿನ ಗಾಳಿಗುಳ್ಳೆ. ಲೆನ್ಸನ್ನು ಎಣ್ಣೆಯಿಂದ ಒಮ್ಮೆ ಹೊರಳಿಸಿ ಮತ್ತೆ ತನ್ನಿ. ಹೋಗದಿದ್ದರೆ ಒರೆಸಿ ಹೊಸ ಹನಿ ಹಾಕಿ. ಏನೂ ಫೋಕಸ್‌ಗೇ ಬರದಿದ್ದರೆ ಸ್ಲೈಡ್ ಬೋರಲಾಗಿದೆಯೇ ನೋಡಿಕೊಳ್ಳಿ. ಕವರ್ ಸ್ಲಿಪ್ ಕೆಳಗಾದರೆ ಸ್ಲೈಡಿನ ಒಂದು ಮಿಲಿಮೀಟರ್ ಗಾಜನ್ನು ದಾಟಿ ನೋಡಲು 100ರ ಲೆನ್ಸಿಗೆ ಸಾಧ್ಯವೇ ಇಲ್ಲ. ಡಿಪಿಎಕ್ಸ್ ದಪ್ಪವಾಗಿ, ಚಿಪ್ಪು ಕೆಳಗೆ ಸ್ಲೈಡಿನ ಕಡೆ ಮುಳುಗಿದ್ದರೂ ಇದೇ ಗತಿ.

ಐಪೀಸ್ ತೆಗೆದಾಗ ಇನ್ನೊಂದನ್ನೂ ಗಮನಿಸುತ್ತೀರಿ. ಐರಿಸ್ ಪೂರ್ತಿ ತೆರೆದರೂ ಬಿಲ್ಲೆಯ ಹೊರ ಅಂಚು ಕತ್ತಲಾಗಿಯೇ ಇರುತ್ತದೆ. ಕಂಡೆನ್ಸರಿನ ಮೇಲೆ 1.25 ಎಂದೇ ಬರೆದಿದ್ದರೂ ಹೀಗಾಗುತ್ತದೆ. ಕಾರಣ ಅದೇ ಗಾಳಿ, ಈ ಸಲ ಕಂಡೆನ್ಸರಿಗೂ ಸ್ಲೈಡಿನ ತಳಕ್ಕೂ ನಡುವೆ. ಅಲ್ಲಿ ಎಣ್ಣೆ ಇಲ್ಲದೆ ಕಂಡೆನ್ಸರಿನ ಪಾಲು 0.9ರ ಸುಮಾರಿಗೆ ನಿಲ್ಲುತ್ತದೆ. ಆಗ ಒಟ್ಟು ಮಿತಿ 0.55 ÷ 2.15, ಸುಮಾರು 0.26 ಮೈಕ್ರಾನ್. ಕಂಡೆನ್ಸರನ್ನು ಇಳಿಸಿ, ಅದರ ಮೇಲ್ಗಾಜಿಗೆ ಒಂದು ಹನಿ ಎಣ್ಣೆ ಬಿಟ್ಟು, ಸ್ಲೈಡಿನ ತಳಕ್ಕೆ ತಾಗುವವರೆಗೆ ಮತ್ತೆ ಏರಿಸಿದರೆ ಮಿತಿ 0.22ಕ್ಕೆ ಇಳಿಯುತ್ತದೆ. ಪ್ಲೂರೊಸಿಗ್ಮಾಕ್ಕಾಗಲಿ ರಕ್ತಪರೀಕ್ಷೆಗಾಗಲಿ ಇದು ಬೇಕಿಲ್ಲ. ಗಲೀಜು ಜಾಸ್ತಿ. ಆಂಫಿಪ್ಲೂರಾ ಪೆಲ್ಯೂಸಿಡಾ ಎಂಬ ಡಯಾಟಮ್‌ನಲ್ಲಿ ಗೆರೆಗಳ ಅಂತರ ಕಾಲು ಮೈಕ್ರಾನಿನ ಹತ್ತಿರ. ಅದನ್ನು ಬಿಡಿಸಬೇಕೆಂಬ ಹಟ ಹುಟ್ಟಿದರೆ ಕೆಳಗೂ ಎಣ್ಣೆ ಹಾಕಿ, ಹಸಿರಿನ ಬದಲು ನೀಲಿ ಫಿಲ್ಟರ್ ಬಳಸಿ. 450 ನ್ಯಾನೋಮೀಟರಿನ ಬೆಳಕಿಗೆ ಮಿತಿ 0.18 ಮೈಕ್ರಾನ್. ಅದರಾಚೆಯ ವಿವರ 100/1.25ರ ಕೈಗೆ ಸಿಗುವುದಿಲ್ಲ.

ಮುಗಿದ ಮೇಲೆ

ಎಣ್ಣೆ ಹಾಕಿದ ಮೇಲೆ ಅದೇ ಜಾಗಕ್ಕೆ 40ನ್ನು ಮತ್ತೆ ತರಬೇಡಿ. 40ರ ಲೆನ್ಸ್ ಕವರ್ ಸ್ಲಿಪ್ಪಿನಿಂದ ಅರ್ಧ ಮಿಲಿಮೀಟರ್ ಚಿಲ್ಲರೆ ಮೇಲಿರುತ್ತದೆ, ಎಣ್ಣೆಯ ಹನಿ ಅದಕ್ಕಿಂತ ಎತ್ತರ. ಹಾಗೆ ಎಣ್ಣೆ ಬಳಿದುಕೊಂಡು ಕುರುಡಾದ 40ರ ಲೆನ್ಸ್‌ಗಳೇ ಪ್ರಯೋಗಾಲಯಗಳಲ್ಲಿ ಹೆಚ್ಚು. 100ನ್ನು ಬದಿಗೆ ಸರಿಸಿ, ಸ್ಲೈಡ್ ತೆಗೆದು, ಲೆನ್ಸ್ ಕಾಗದದಿಂದ ಎಣ್ಣೆಯನ್ನು ಒತ್ತಿ ಹೀರಿ. ಉಜ್ಜಬೇಡಿ. ಬಳಿಕ ಕಾಗದಕ್ಕೆ ಲೆನ್ಸ್ ತೊಳೆಯುವ ದ್ರಾವಣ ತುಸು ಹಚ್ಚಿ ಒಮ್ಮೆ, ಒಣ ಕಾಗದದಿಂದ ಮತ್ತೊಮ್ಮೆ ಒರೆಸಿ. ಕ್ಸೈಲೀನ್ ಬಳಸುವುದಾದರೆ ಕಾಗದ ತೇವವಾಗುವಷ್ಟೇ ಸಾಕು. ಹೆಚ್ಚಾದರೆ ಲೆನ್ಸ್‌ಗಳನ್ನು ಹಿಡಿದಿಟ್ಟ ಅಂಟನ್ನೇ ಅದು ಸಡಿಲಿಸಬಹುದು. ಕರವಸ್ತ್ರ, ಹತ್ತಿ, ಅಂಗಿಯ ತುದಿ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ತೇವದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ. ಮೊದಲು ಎಳೆ ಎಳೆಯಾಗಿ, ಆಮೇಲೆ ಜಾಲದಂತೆ. ಅದು ಎನ್‌ಎಯನ್ನು ಕಡಿಮೆ ಮಾಡುವುದಿಲ್ಲ, ಆದರೆ ಬೆಳಕನ್ನು ಚೆದುರಿಸಿ, ಮೊದಲೇ ತೆಳುವಾದ ಗೆರೆಗಳನ್ನು ಮುಳುಗಿಸಿಬಿಡುತ್ತದೆ. ಆಬ್ಜೆಕ್ಟಿವ್‌ಗಳನ್ನು ಬಿಚ್ಚಿ ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿಯಲ್ಲಿಡಿ, ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಹಾಕಿ. ಮಳೆ ನಿಂತ ಮೇಲೆ ಅದೇ ಪ್ಲೂರೊಸಿಗ್ಮಾ ಸ್ಲೈಡನ್ನು 40ರಲ್ಲಿ ಇಟ್ಟು, ಐರಿಸ್ ಎಷ್ಟು ತೆರೆದಾಗ ಗೆರೆ ಮೂಡಿತು, ಎಷ್ಟು ಗಾಢವಾಗಿತ್ತು ಎಂದು ಹೋದ ವರ್ಷದ ಟಿಪ್ಪಣಿಯ ಜೊತೆ ಹೋಲಿಸಿ. ಅಷ್ಟೇ ತೆರೆದಾಗ ಮೂಡಿಯೂ ಗೆರೆ ಪೇಲವವಾಗಿದ್ದರೆ ಬೂಷ್ಟು ಅಥವಾ ಎಣ್ಣೆಯ ಪೊರೆಯನ್ನು ಹುಡುಕಿ. ಹೆಚ್ಚು ತೆರೆದಾಗ ಮಾತ್ರ ಮೂಡುತ್ತಿದ್ದರೆ ಮೊದಲು ಕಂಡೆನ್ಸರಿನ ಎತ್ತರ ಸರಿಪಡಿಸಿ.